ಹಬ್ಬ ಮುಗಿದ ಮೇಲೆ ಬಂದ ಸೀರೆ

ನಾನು ಕೆಲಸ ಮಾಡೋದು ಆನ್‌ಲೈನ್‌ನಲ್ಲಿ ಕೈಮಗ್ಗದ ಸೀರೆ ಮಾರುವ ಒಂದು ಸಣ್ಣ ಕಂಪನಿಯಲ್ಲಿ. ವರಮಹಾಲಕ್ಷ್ಮಿ ಹಬ್ಬ ಕಳೆದ ಸೋಮವಾರ ಬೆಳಗ್ಗೆ ಗೂಗಲ್ ರಿವ್ಯೂ ನೋಡಿದರೆ ಒಂದೇ ಒಂದು ಸ್ಟಾರ್. ಕೆಳಗೆ ಹೀಗಿತ್ತು: "ಅತ್ತೆಗೆ ಕೊಡೋಕೆ ಅಂತ ಇಳಕಲ್ ಸೀರೆ ತರಿಸಿದ್ದೆ. ಬುಧವಾರ ಬರುತ್ತೆ ಅಂದ್ರು, ಶನಿವಾರ ಬಂತು. ಎರಡು ಸಲ ಫೋನ್ ಮಾಡಿದ್ರೆ ಕೊರಿಯರ್‌ನವರನ್ನ ಕೇಳಿ ಅಂದ್ರು."

ಹಬ್ಬ ಶುಕ್ರವಾರ. ಲೆಕ್ಕ ಸ್ಪಷ್ಟವಾಗಿತ್ತು.

ಟೀಮ್‌ನ ಹೊಸ ಹುಡುಗ ಹತ್ತೇ ನಿಮಿಷದಲ್ಲಿ ಮೇಲ್ ಬರೆದು ತೋರಿಸಿದ. "ನಿಮಗೆ ಅನಾನುಕೂಲವಾಗಿದ್ದರೆ ವಿಷಾದಿಸುತ್ತೇವೆ. ಆದರೆ ಹಬ್ಬದ ಸಮಯದಲ್ಲಿ ಕೊರಿಯರ್ ವಿಳಂಬ ನಮ್ಮ ಕೈಯಲ್ಲಿರುವುದಿಲ್ಲ. ದಯವಿಟ್ಟು ರಿವ್ಯೂ ತೆಗೆದು ನಮ್ಮನ್ನು ಸಂಪರ್ಕಿಸಿ, ಪರಿಹರಿಸುತ್ತೇವೆ."

ಬೈಗುಳ ಇಲ್ಲ, ವ್ಯಾಕರಣವೂ ಸರಿ ಇದೆ. ಆದರೂ ಓದಿದವರಿಗೆ ಸಿಟ್ಟು ಬರುತ್ತೆ. "ಆಗಿದ್ದರೆ" ಅಂದರೆ ಆಗಿದೆಯೋ ಇಲ್ಲವೋ ನಮಗೆ ಅನುಮಾನ ಅಂತಾಯ್ತು. "ಆದರೆ" ಬಂದ ತಕ್ಷಣ ಅದರ ಹಿಂದಿನ ವಿಷಾದ ಅಳಿಸಿಹೋಯ್ತು. ಕೊನೆಯ ಸಾಲಂತೂ ವ್ಯಾಪಾರ: ನೀವು ಅದನ್ನು ತೆಗೀರಿ, ನಾವು ಇದನ್ನು ಕೊಡ್ತೀವಿ. ಕೆಟ್ಟ ರಿವ್ಯೂ ತೆಗೆಸೋಕೆ ಹಣ, ರಿಯಾಯಿತಿ ಇತ್ಯಾದಿ ಆಸೆ ತೋರಿಸೋದನ್ನು ಗೂಗಲ್ ನಿಯಮಗಳೂ ಒಪ್ಪೋದಿಲ್ಲ. ಅವರು ಆ ಮೇಲ್‌ನ ಸ್ಕ್ರೀನ್‌ಶಾಟ್ ಹಾಕಿದರೆ ಎರಡನೇ ದೂರು ಮೊದಲನೆಯದಕ್ಕಿಂತ ದೊಡ್ಡದಾಗುತ್ತೆ.

ಬರೆಯೋ ಮುಂಚೆ ನಡೆದಿದ್ದೇನು ಅಂತ ನೋಡೋಣ ಅಂದೆ. ಆ ಹೆಸರಿನಲ್ಲಿ ಒಂದೇ ಆರ್ಡರ್ ಇತ್ತು, ಎರಡು ಕರೆಗಳೂ ದಾಖಲಾಗಿದ್ದವು. ಹಾಗಾಗಿ ಇವರೇ ಅಂತ ಖಾತ್ರಿಯಾಯ್ತು. ಅನುಮಾನ ಇದ್ದಿದ್ದರೆ ನಾವಾಗಿ ಮೇಲ್ ಹಾಕ್ತಿರಲಿಲ್ಲ, ಒಬ್ಬರ ಆರ್ಡರ್ ವಿಷಯ ಇನ್ನೊಬ್ಬರಿಗೆ ಹೋಗಿಬಿಡುತ್ತೆ. ರಿವ್ಯೂ ಕೆಳಗೇ ನಮ್ಮ ವಿಳಾಸ ಕೊಟ್ಟು, ಬರೆಯಿರಿ ಅಂತ ಕೇಳಬೇಕಾಗ್ತಿತ್ತು. ಆಮೇಲೆ ಟ್ರ್ಯಾಕಿಂಗ್ ತೆಗೆದೆವು. ಪಾರ್ಸೆಲ್ ನಮ್ಮ ಗೋಡೌನ್ ಬಿಟ್ಟಿದ್ದೇ ಬುಧವಾರ ಸಂಜೆ. ಕೊರಿಯರ್‌ನವರ ತಪ್ಪು ಅಂತ ಬರೆದಿದ್ದರೆ ಅದು ಸುಳ್ಳೇ ಆಗ್ತಿತ್ತು.

ಕೊನೆಗೆ ಹೋದ ಮೇಲ್ ಇದು. ವಿಷಯದ ಸಾಲು: "ಹಬ್ಬಕ್ಕೆ ತಲುಪದ ನಿಮ್ಮ ಸೀರೆಯ ಬಗ್ಗೆ."

"ನಮಸ್ಕಾರ ಮೇಡಂ,

ನಿಮ್ಮ ರಿವ್ಯೂ ಓದಿದೆ. ಬುಧವಾರ ಬರಬೇಕಿದ್ದ ಸೀರೆ ಶನಿವಾರ ಬಂತು, ಅಷ್ಟರಲ್ಲಿ ಹಬ್ಬ ಮುಗಿದಿತ್ತು. ಪಾರ್ಸೆಲ್ ನಮ್ಮಿಂದಲೇ ತಡವಾಗಿ ಹೊರಟಿದೆ. ನೀವು ಎರಡು ಸಲ ಕರೆ ಮಾಡಿದಾಗ ವಿಚಾರಿಸಿ ಹೇಳಬೇಕಿದ್ದವರು ನಾವು. ಅದನ್ನೂ ನಿಮ್ಮ ಮೇಲೇ ಹಾಕಿದೆವು. ಎರಡಕ್ಕೂ ಕ್ಷಮಿಸಿ.

ಸೀರೆ ಬೇಡವಾದರೆ ನಾವೇ ಬಂದು ತೆಗೆದುಕೊಂಡು ಪೂರ್ತಿ ಹಣ ವಾಪಸ್ ಕೊಡುತ್ತೇವೆ. ಇಟ್ಟುಕೊಳ್ಳುವುದಾದರೆ ಡೆಲಿವರಿ ಶುಲ್ಕ ಹಿಂತಿರುಗಿಸುತ್ತೇವೆ. ಯಾವುದು ಅಂತ ಒಂದು ಸಾಲು ಬರೆದರೆ ಸಾಕು. ವಿಳಾಸ, ಹಣದ ವಿವರಗಳು ಎಲ್ಲರ ಮುಂದೆ ಬರುವುದು ಬೇಡ ಎಂದು ಇಲ್ಲಿ ಬರೆಯುತ್ತಿದ್ದೇನೆ. ಮಾತಾಡಬೇಕು ಅನಿಸಿದರೆ ಕೆಳಗಿರುವುದು ನನ್ನದೇ ನಂಬರ್. ಬೆಳಗ್ಗೆ 10ರಿಂದ ಸಂಜೆ 6ರವರೆಗೆ ನಾನೇ ಎತ್ತುತ್ತೇನೆ."

ಕೆಳಗೆ ನನ್ನ ಹೆಸರು ಹಾಕಿದೆ. 'ಕಸ್ಟಮರ್ ಕೇರ್ ಟೀಮ್' ಅಂತ ಹಾಕಿದ್ದರೆ ಮತ್ತೆ ಯಾರನ್ನು ಕೇಳಬೇಕೋ ಅನ್ನೋ ಅದೇ ಕಷ್ಟ.

ಈ ಮೇಲ್‌ನಲ್ಲಿ ರಿವ್ಯೂ ತೆಗೆಯಿರಿ ಅನ್ನೋ ಮಾತೇ ಇಲ್ಲ ನೋಡಿ. ಖಾಸಗಿಯಾಗಿ ಯಾಕೆ ಬರೀತಿದ್ದೀವಿ ಅಂತ ಮಾತ್ರ ಹೇಳಿದ್ದೀವಿ, ಆ ಕಾರಣವೂ ಅವರ ಅನುಕೂಲದ್ದೇ. ಅದನ್ನು ಹೇಳದೆ "ಮೇಲ್‌ನಲ್ಲಿ ಮಾತಾಡೋಣ" ಅಂದರೆ ಬಾಯಿ ಮುಚ್ಚಿಸೋಕೆ ಕರೆದ ಹಾಗೆ ಕೇಳಿಸುತ್ತೆ.

ಮೇಲ್ ಹೋದ ಮೇಲೆ ರಿವ್ಯೂ ಕೆಳಗೆ ಎರಡೇ ಸಾಲು ಹಾಕಿದೆವು: "ಹಬ್ಬಕ್ಕೆ ಸೀರೆ ತಲುಪಿಸಲಿಲ್ಲ, ತಪ್ಪು ನಮ್ಮದು. ನಿಮಗೆ ಈಗ ಮೇಲ್ ಕಳಿಸಿದ್ದೇವೆ." ಆರ್ಡರ್ ನಂಬರ್, ಬೆಲೆ, ಊರು ಯಾವುದೂ ಅಲ್ಲಿ ಇಲ್ಲ. ಇಷ್ಟೂ ಬರೆಯದೆ ಬರೀ ಮೇಲ್ ಕಳಿಸಿ ಸುಮ್ಮನಿದ್ದರೆ, ರಿವ್ಯೂ ಓದೋ ಬೇರೆಯವರಿಗೆ ನಾವು ಉತ್ತರವನ್ನೇ ಕೊಡದವರ ಹಾಗೆ ಕಾಣ್ತೀವಿ.

ಎರಡು ದಿನ ಏನೂ ಬರಲಿಲ್ಲ. ಹುಡುಗ "ಇನ್ನೊಂದು ಮೇಲ್ ಹಾಕ್ಲಾ ಸಾರ್?" ಅಂತ ಕೇಳಿದ. ಬೇಡಪ್ಪ ಅಂದೆ. ಸಿಟ್ಟಾದವರಿಗೆ ದಿನಾ ಮೇಲ್ ಹಾಕಿದರೆ ಅದು ಬೆನ್ನು ಹತ್ತಿದ ಹಾಗೆ. ವಾರ ಕಳೆದ ಮೇಲೆ ಒಂದು ಸಲ ನೆನಪಿಸಿದರೆ ಸಾಕು.

ಗುರುವಾರ ಉತ್ತರ ಬಂತು: "ಸೀರೆ ಇರಲಿ, ಅತ್ತೆಗೆ ಇಷ್ಟ ಆಗಿದೆ. ಆದ್ರೆ ಫೋನ್‌ನಲ್ಲಿ ಹಾಗೆ ಮಾತಾಡ್ಬಾರ್ದಿತ್ತು." ಅವತ್ತೇ ಡೆಲಿವರಿ ಶುಲ್ಕ ವಾಪಸ್ ಕಳಿಸಿದೆವು.

ಆ ಒಂದು ಸ್ಟಾರ್ ಈಗಲೂ ಹಾಗೇ ಇದೆ. ನಾವು ಕೇಳಲಿಲ್ಲ, ಅವರು ಬದಲಿಸಲಿಲ್ಲ. ನಮ್ಮಲ್ಲಿ ಬದಲಾಗಿದ್ದು ಫೋನ್ ಎತ್ತುವವರ ಮಾತು. "ಕೊರಿಯರ್‌ನವರನ್ನ ಕೇಳಿ" ಅನ್ನೋದು ನಿಂತಿದೆ. "ವಿಚಾರಿಸಿ ಒಂದು ಗಂಟೆಯೊಳಗೆ ನಾನೇ ಫೋನ್ ಮಾಡ್ತೀನಿ" ಅಂತ ಹೇಳಿ, ಮಾಡ್ತಾರೆ.