ಪೆನ್‌ಡ್ರೈವ್ ಕೆಟ್ಟಿಲ್ಲ, ಕನ್ನಡವೂ ಕೆಟ್ಟಿಲ್ಲ: ಫಾರ್ಮ್ಯಾಟ್ ಹೊಡೆಯಬೇಡಿ

ರಾಯಬಾಗ ತಾಲೂಕಿನ ನಮ್ಮ ಕಾಕಾ ಗೀಗೀ ಪದ ಹಾಡುತ್ತಾರೆ. ಅವರ ಮೇಳದವರು ಫೋನಿನಲ್ಲಿ ರೆಕಾರ್ಡ್ ಮಾಡಿದ ಮೂವತ್ತಕ್ಕೂ ಹೆಚ್ಚು ಪದಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಒಂದೊಂದಕ್ಕೂ ಕನ್ನಡದಲ್ಲೇ ಹೆಸರು ಕೊಟ್ಟಿದ್ದರು. ಜಾತ್ರೆಗೆಂದು ಇನ್ನೊಂದು ಪೆನ್‌ಡ್ರೈವಿಗೆ ಕಾಪಿ ಮಾಡಿಸಲು ಚಿಕ್ಕೋಡಿಯ ಒಂದು ಝೆರಾಕ್ಸ್ ಅಂಗಡಿಗೆ ಹೋದೆವು. ಅಲ್ಲಿನ ಹಳೇ ಕಂಪ್ಯೂಟರಿನಲ್ಲಿ, ಹಾಡು ಹಚ್ಚುವ ಹಳೇ ಸಾಫ್ಟ್‌ವೇರಿನಲ್ಲಿ ತೆರೆದರೆ ಸಾಲಾಗಿ ಪ್ರಶ್ನೆ ಚಿಹ್ನೆಗಳೇ. ಒತ್ತಿದರೆ ಫೈಲ್ ಸಿಗಲಿಲ್ಲ ಎನ್ನುತ್ತಿತ್ತು.

"ಕಾಕಾ, ಇದಕ ವೈರಸ್ ಬಡದೈತ್ರಿ. ಫಾರ್ಮ್ಯಾಟ್ ಹೊಡದ್ರ ಸರಿ ಆಗ್ತೈತಿ. ಇನ್ ಮ್ಯಾಲ ಇಂಗ್ಲಿಷ್‌ನ್ಯಾಗ ಹೆಸರ ಹಾಕ್ರಿ" ಎಂದ ಅಂಗಡಿಯ ಹುಡುಗ. ಕಾಕಾ ಹೂಂ ಅನ್ನುವವರೇ ಇದ್ದರು. ಅಂದಿದ್ದರೆ ಅಷ್ಟೂ ಪದ ಅಲ್ಲೇ ಹೋಗುತ್ತಿದ್ದವು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಕಲಿಸಿದವರು ಹಾಗೇ ಕಲಿಸಿದ್ದಾರೆ. ಆದರೆ ಅವನು ಹೇಳಿದ ಮೂರೂ ಮಾತು ತಪ್ಪು. ಅದು ವೈರಸ್ ಅಲ್ಲ, ಫಾರ್ಮ್ಯಾಟ್ ಅದಕ್ಕೆ ಮದ್ದಲ್ಲ, ಕನ್ನಡದಲ್ಲಿ ಹೆಸರಿಟ್ಟದ್ದು ತಪ್ಪೂ ಅಲ್ಲ.

ನಿಜ ಏನೆಂದರೆ, ನಾವು ಬಳಸುವ ಸಣ್ಣ ಪೆನ್‌ಡ್ರೈವ್‌ಗಳಲ್ಲಿ ಹೆಚ್ಚಿನವು FAT32 ಎಂಬ ಪದ್ಧತಿಯವು. ಅದರಲ್ಲಿ ಒಂದು ಫೈಲಿಗೆ ಎರಡು ಹೆಸರು ಬರೆದಿರುತ್ತದೆ. ಮನೆಯಲ್ಲಿ ಕರೆಯುವ ಹೆಸರು ಒಂದು, ಶಾಲೆಯ ಹಾಜರಿಯ ಹೆಸರು ಒಂದು ಇದ್ದ ಹಾಗೆ. ಉದ್ದ ಹೆಸರು ಯೂನಿಕೋಡಿನಲ್ಲಿ ಇರುತ್ತದೆ. ಈ ಏರ್ಪಾಡು ವಿಂಡೋಸ್ 95ರ ಕಾಲದ್ದು. ಯೂನಿಕೋಡಿನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಅಂದರೆ ಕನ್ನಡ ಹೆಸರನ್ನು ಹೊತ್ತುಕೊಳ್ಳಲು ಈ ಪದ್ಧತಿಗೆ ಎಂದೂ ತೊಂದರೆ ಇರಲಿಲ್ಲ. ಇನ್ನೊಂದು ಗಿಡ್ಡ ಹೆಸರು. ಅದರಲ್ಲಿ ಎಂಟು ಅಕ್ಷರ, ಚುಕ್ಕೆ, ಆಮೇಲೆ ಮೂರು ಅಕ್ಷರ, ಅಷ್ಟೇ. ಕನ್ನಡಕ್ಕೆ ಅಲ್ಲಿ ಜಾಗವಿಲ್ಲ.

ಕಾಕಾನ ಒಂದು ಫೈಲನ್ನೇ ನೋಡಿ. ಹೆಸರು "ಗೀಗೀ ಪದ 1.mp3". ಅದು ಬೇರೆ ಬೇರೆ ಕಡೆ ಹೀಗೆ ಕಾಣುತ್ತದೆ:

```
???? ?? 1.mp3
______~1.MP3
```

ಮೊದಲ ಸಾಲು ಅಂಗಡಿಯಲ್ಲಿ ಕಂಡದ್ದು. ಆ ಸಾಫ್ಟ್‌ವೇರಿಗೆ ಯೂನಿಕೋಡ್ ಬಾರದು. ಗೊತ್ತಿಲ್ಲದ ಒಂದೊಂದು ಸಂಕೇತಕ್ಕೂ ಒಂದೊಂದು ಪ್ರಶ್ನೆ ಚಿಹ್ನೆ ಹಾಕುತ್ತದೆ. ಎಣಿಸಿ ನೋಡಿ: ಗ ಒಂದು, ಅದರ ದೀರ್ಘ ಒಂದು, ಮತ್ತೆ ಅದೇ ಎರಡು, ಒಟ್ಟು ನಾಲ್ಕು. ಪ, ದ ಸೇರಿ ಎರಡು. ಲೆಕ್ಕ ಸರಿಯಾಗಿದೆ ಎಂದರೆ ಹೆಸರು ಒಳಗೆ ಹಾಗೇ ಇದೆ. ಇನ್ನೂ ಒಂದು ಸಾಕ್ಷಿ ಬೇಕೇ? ಫೈಲಿನ ಹೆಸರಿನಲ್ಲಿ ? ಬರೆಯಲು ವಿಂಡೋಸ್ ಬಿಡುವುದೇ ಇಲ್ಲ. ಹಾಗಾದರೆ ಆ ಚಿಹ್ನೆ ಪೆನ್‌ಡ್ರೈವಿನದ್ದಲ್ಲ, ಆ ಸಾಫ್ಟ್‌ವೇರಿನದ್ದು. ತಾನೇ ಹಾಕಿದ ತಪ್ಪು ಹೆಸರನ್ನು ಹಿಡಿದು ಹುಡುಕುತ್ತದೆ, ಸಿಗಲಿಲ್ಲ ಎನ್ನುತ್ತದೆ. ಎರಡನೇ ಸಾಲು ಗಿಡ್ಡ ಹೆಸರನ್ನಷ್ಟೇ ಓದುವ ಹಳೇ ಕಾರ್ ಟೇಪಿನಂಥ ಸಾಧನದಲ್ಲಿ ಕಾಣುವಂಥದ್ದು. ಹಾಡು ಬರುತ್ತದೆ, ಯಾವ ಹಾಡು ಎಂದು ತಿಳಿಯುವುದಿಲ್ಲ.

ಹೆಸರಿನ ಜಾಗದಲ್ಲಿ ಖಾಲಿ ಚೌಕಗಳು ಕಂಡರೆ ಚಿಂತೆ ಇನ್ನೂ ಕಡಿಮೆ. ಆ ಯಂತ್ರಕ್ಕೆ ಹೆಸರು ಗೊತ್ತಿದೆ, ಬರೆದು ತೋರಿಸಲು ಕನ್ನಡ ಫಾಂಟ್ ಇಲ್ಲ, ಅಷ್ಟೇ.

ಗಡಿಯ ನಾವು ಇಲ್ಲಿ ಒಂದು ಮಾತು ಕೇಳಲೇಬೇಕು. ನಿಪ್ಪಾಣಿ, ಕಾಗವಾಡ, ಅಥಣಿ ಕಡೆಯವರ ಪೆನ್‌ಡ್ರೈವಿನಲ್ಲಿ ಮರಾಠಿ ಹಾಡೂ ಇರುತ್ತದೆ, ಕನ್ನಡ ಹಾಡೂ ಇರುತ್ತದೆ. ಕೆಲವು ಹಳೇ ಸಾಧನಗಳಲ್ಲಿ ಮರಾಠಿ ಹೆಸರು ಸರಿ ಬಂದು, ಕನ್ನಡ ಮಾತ್ರ ಚೌಕವಾಗುತ್ತದೆ. ಆಗ "ಕನ್ನಡದ್ದೇ ತೊಂದರೆ" ಎನ್ನುವವರು ಇದ್ದಾರೆ. ತೊಂದರೆ ಕನ್ನಡದ್ದಲ್ಲ, ಸರದಿಯದ್ದು. ವಿಂಡೋಸ್ 2000ದಲ್ಲಿ ದೇವನಾಗರಿ ಮತ್ತು ತಮಿಳು ಬಂದವು. ಕನ್ನಡ ಬಂದದ್ದು 2001ರ ಎಕ್ಸ್‌ಪಿಗೆ. ಎಕ್ಸ್‌ಪಿಯಲ್ಲೂ ಅದು ತಾನಾಗಿ ಬರುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ನ Regional and Language Options ತೆರೆದು, Languages ಎಂಬಲ್ಲಿ complex script ಎಂದಿರುವ ಸಾಲಿಗೆ ಟಿಕ್ ಹಾಕಿ, ಸೀಡಿ ಕೊಡಬೇಕಿತ್ತು. ಆ ಒಂದು ಟಿಕ್ ಹಾಕದೆ ವರ್ಷಗಟ್ಟಲೆ ಅಂಗಡಿ ನಡೆಸಿ, ಕನ್ನಡ ಬರುವುದಿಲ್ಲ ಎಂದರೆ ತಪ್ಪು ಯಾರದ್ದು?

"ಇಂಗ್ಲಿಷಿನಲ್ಲಿ ಬರೆದರೆ ಮುಗೀತಲ್ಲ" ಎಂಬ ಸಲಹೆಗೂ ಉತ್ತರ ಕೊಡುತ್ತೇನೆ. halli ಎಂದು ಬರೆದರೆ ಹಳ್ಳಿಯೋ ಹಲ್ಲಿಯೋ? ಒಬ್ಬ geegee ಎಂದು ಬರೆಯುತ್ತಾನೆ, ಇನ್ನೊಬ್ಬ gigi ಎನ್ನುತ್ತಾನೆ. ಆರು ತಿಂಗಳು ಬಿಟ್ಟು ಹುಡುಕಿದರೆ ಇಬ್ಬರಿಗೂ ಸಿಗುವುದಿಲ್ಲ. ಯಂತ್ರದ ಸೋಮಾರಿತನಕ್ಕೆ ನಮ್ಮ ಪದದ ಹೆಸರನ್ನೇ ಕೆಡಿಸುವುದು ಯಾವ ನ್ಯಾಯ?

ನಮ್ಮ ತಪ್ಪೂ ಒಂದಿದೆ, ಮುಚ್ಚಿಡುವುದಿಲ್ಲ. ನುಡಿಯ ಹಳೇ ಫಾಂಟಿನ ಪದ್ಧತಿಯಲ್ಲೇ ಫೈಲಿನ ಹೆಸರನ್ನೂ ಟೈಪ್ ಮಾಡುವವರು ಇನ್ನೂ ಇದ್ದಾರೆ. ಹಾಗೆ ಮಾಡಿದರೆ "ಪದ" ಎಂಬುದು ¥ÀzÀ ಎಂದೇ ದಾಖಲಾಗುತ್ತದೆ. ಅದು ಯಾವ ಹೊಸ ಫೋನಿನಲ್ಲೂ ಸರಿಯಾಗುವುದಿಲ್ಲ, ಯಾಕೆಂದರೆ ಅಲ್ಲಿ ಕನ್ನಡ ಇಲ್ಲವೇ ಇಲ್ಲ. ಹೆಸರನ್ನು ಯೂನಿಕೋಡಿನಲ್ಲಿ ಮತ್ತೆ ಬರೆಯಬೇಕು.

ಹಾಗಾದರೆ ಅಂಗಡಿಯಲ್ಲಿ ಏನು ಮಾಡಬೇಕು? ಮೊದಲು ಪೆನ್‌ಡ್ರೈವ್ ಕಿತ್ತುಕೊಂಡು, ಒಂದು ಒಟಿಜಿ ಇಟ್ಟು ನಿಮ್ಮ ಫೋನಿಗೆ ಹಚ್ಚಿ. ಕನ್ನಡ ಕಂಡರೆ ಎಲ್ಲವೂ ಸುರಕ್ಷಿತ. ಹಳೇ ಯಂತ್ರದಲ್ಲಿ ಹೆಸರು ಬದಲಿಸಬೇಡಿ, ಕಟ್ ಮಾಡಬೇಡಿ. ನಿಜವಾಗಿ ಕೆಟ್ಟ ಪೆನ್‌ಡ್ರೈವಿನ ಲಕ್ಷಣವೇ ಬೇರೆ. ಅಲ್ಲಿ ಕೊನೆಯ .mp3 ಕೂಡ ಕಲಸಿಹೋಗಿರುತ್ತದೆ, ಒಂದು ಹಾಡಿನ ಗಾತ್ರ ಪೆನ್‌ಡ್ರೈವಿಗಿಂತ ದೊಡ್ಡದು ತೋರಿಸುತ್ತದೆ, ತಾರೀಖು ಇನ್ನೂ ಬಾರದ ವರ್ಷದ್ದು ಇರುತ್ತದೆ. ಆಗಲೂ ಮೊದಲು ಬಂದಷ್ಟನ್ನು ಬೇರೆಡೆ ತೆಗೆದಿಡಿ. ಫಾರ್ಮ್ಯಾಟ್ ಕೊನೆಯ ಕೆಲಸ.

ಹಳೇ ಕಾರ್ ಟೇಪಿಗೆ ಕನ್ನಡ ಕಲಿಸಲು ಆಗುವುದಿಲ್ಲ, ಒಪ್ಪುತ್ತೇನೆ. ಅದಕ್ಕೆ ಕನ್ನಡ ಬಿಡಬೇಕಿಲ್ಲ, ಮುಂದೆ ನಂಬರ್ ಹಾಕಿದರೆ ಸಾಕು. "01 ಗೀಗೀ ಪದ.mp3" ಎಂದರೆ ಗಿಡ್ಡ ಹೆಸರು 01____~1.MP3 ಆಗುತ್ತದೆ, ಸೊನ್ನೆ ಒಂದು ಉಳಿಯುತ್ತದೆ. ಕನ್ನಡ ಅಂಕಿ ಹಾಕಿದರೆ ಅದೂ ಹೋಗುತ್ತದೆ, ಇಲ್ಲಿ ಮಾತ್ರ 1, 2, 3 ಇರಲಿ. ಯಾವ ನಂಬರಿಗೆ ಯಾವ ಪದ ಎಂದು ಒಂದು ಚೀಟಿಯಲ್ಲಿ ಬರೆದು ಟೇಪಿನ ಹತ್ತಿರ ಇಡಿ. ಕಾಕಾ ಈಗ ಹಾಗೇ ಮಾಡುತ್ತಾರೆ.

ಆದರೆ ಹೊಸದು ಕೊಳ್ಳುವಾಗ ಸುಮ್ಮನಿರಬೇಡಿ. ಮಿರಜಿನಲ್ಲಿ ಕೊಳ್ಳಿ, ಚಿಕ್ಕೋಡಿಯಲ್ಲಿ ಕೊಳ್ಳಿ, ಹೆಸರು ತೋರಿಸುವ ಪರದೆ ಇದ್ದರೆ ಕನ್ನಡ ಹೆಸರಿನ ಒಂದು ಫೈಲ್ ಇರುವ ಪೆನ್‌ಡ್ರೈವ್ ಒಯ್ದು, ರೊಕ್ಕ ಕೊಡುವ ಮೊದಲು ಹಚ್ಚಿ ನೋಡಿ. ಪಂಚಾಯ್ತಿ, ಶಾಲೆ, ಸೊಸೈಟಿಗೆ ಕಂಪ್ಯೂಟರ್ ಬಂದಾಗಲೂ ಇದೇ ಪರೀಕ್ಷೆ ಆಗಲಿ. ಪ್ರಶ್ನೆ ಚಿಹ್ನೆ ಬಂದರೆ ವಾಪಸ್ ಕೊಡಿ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಮಾರುವವರು, ಕಾಕಾ ಅಲ್ಲ.