ಹಣ್ಣಿಗೆ ದೊಡ್ಡ N ಬರೆದರೆ ನಾಲಿಗೆ ಮಡಚುತ್ತದೆಯೇ?

ಪ್ರಶ್ನೆ: ಲಿಪಿ ಬಾರದವರ ಬಾಯಲ್ಲಿ ಒಂದು ಕನ್ನಡ ವಾಕ್ಯ ಹೇಳಿಸಬೇಕು. ಟ, ಡ, ಣ, ಳಗಳಿಗೆ ದೊಡ್ಡಕ್ಷರ, ಮಹಾಪ್ರಾಣಕ್ಕೆ ಒಂದು h ಎಂದು ಗುರುತು ಹಚ್ಚಿ ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಡಬೇಕೇ? ಹೊರಗಿನಿಂದ ಬಂದವರಿಗೆ ಮಾತಿನ ಕನ್ನಡ ಕಲಿಸುವ ಶಿಕ್ಷಕಿಯೊಬ್ಬರು ಬೇಕು ಎನ್ನುತ್ತಾರೆ. ಧ್ವನಿವಿಜ್ಞಾನ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರೊಬ್ಬರು ಬೇಡ ಎನ್ನುತ್ತಾರೆ.

ಪರ

ನನ್ನ ಸಂಜೆ ತರಗತಿಗೆ ಬರುವವರಿಗೆ ಮಾತು ಇವತ್ತೇ ಬೇಕು. ಲಿಪಿ ಕೈಹತ್ತಲು ತಿಂಗಳುಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ನಾನು ಬರೆದುಕೊಡದಿದ್ದರೂ ಅವರು ಸುಮ್ಮನಿರುವುದಿಲ್ಲ, ಕೇಳಿದ್ದನ್ನು ತಮಗೆ ತೋಚಿದ ಹಾಗೆ ಇಂಗ್ಲಿಷಿನಲ್ಲಿ ಗೀಚಿಕೊಳ್ಳುತ್ತಾರೆ. ಹಾಗೆ ಗೀಚಿಕೊಂಡ ತಪ್ಪು ಬಾಯಲ್ಲಿ ಕೂತರೆ ತೆಗೆಯುವುದು ಬಹಳ ಕಷ್ಟ.

"ಅರ್ಧ ಕೆಜಿ ಬಾಳೆಹಣ್ಣು ಕೊಡಿ" ಎಂಬ ವಾಕ್ಯವನ್ನೇ ನೋಡಿ. ಮೊಬೈಲಿನಲ್ಲಿ ನಾವು ಇದನ್ನು `ardha kg balehannu kodi` ಎಂದು ಬರೆಯುತ್ತೇವೆ. ಮಾತು ಮೊದಲೇ ಗೊತ್ತಿರುವ ನಮಗೆ ಅಷ್ಟು ಸಾಕು. ಗೊತ್ತಿಲ್ಲದವರು ಓದಿದರೆ "ಬಲೆಹನ್ನು ಕೋದಿ" ಆಗುತ್ತದೆ. ನಾನು ಬೋರ್ಡಿನ ಮೇಲೆ ಬರೆಯುವುದು ಹೀಗೆ:

```
ardha keji baaLehaNNu koDi
```

ಇದರ ಹಿಂದಿರುವ ನಿಯಮ ನಾಲ್ಕೇ ಮಾತಿನದು. ಸಣ್ಣ t, d ಕಂಡರೆ ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂಬದಿಗೆ ತಾಗಲಿ. ದೊಡ್ಡ T, D, N, L ಕಂಡರೆ ತುದಿ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಲಿ. ವ್ಯಂಜನದ ಪಕ್ಕ h ಇದ್ದರೆ ಮಹಾಪ್ರಾಣ, ಅಕ್ಷರ ಎರಡೆರಡು ಸಲ ಬಂದರೆ ಅಷ್ಟು ಹೊತ್ತು ಎಳೆತ. ದೀರ್ಘ ಸ್ವರಕ್ಕೆ ನಾನು ದೊಡ್ಡಕ್ಷರ ಬಳಸುವುದಿಲ್ಲ, ಏಕೆಂದರೆ ದೊಡ್ಡಕ್ಷರಕ್ಕೆ ಒಂದೇ ಕೆಲಸ ಇರಬೇಕು. ಇಲ್ಲದಿದ್ದರೆ ಊಟವನ್ನು `UTa` ಎಂದು ಬರೆದು, ಮೊದಲನೆಯದು ಎಳೆತ, ಎರಡನೆಯದು ನಾಲಿಗೆಯ ಮಡಿಕೆ ಎಂದು ವಿವರಿಸುತ್ತ ಕೂರಬೇಕಾಗುತ್ತದೆ. `uuTa` ಎಂದರೆ ಆ ಗೊಂದಲವಿಲ್ಲ.

ಈ ಪದ್ಧತಿ ನಾನು ಹುಟ್ಟಿಸಿದ್ದಲ್ಲ. ಕಿಟೆಲ್ 1894ರ ನಿಘಂಟಿನಲ್ಲಿ ಇದೇ ಧ್ವನಿಗಳಿಗೆ ರೋಮನ್ ಅಕ್ಷರದ ಕೆಳಗೆ ಚುಕ್ಕಿ ಇಟ್ಟರು. ಫೋನಿನಲ್ಲಿ ಆ ಚುಕ್ಕಿ ಸುಲಭವಾಗಿ ಸಿಗದ ಕಾರಣ ದೊಡ್ಡಕ್ಷರ ಆ ಜಾಗಕ್ಕೆ ಬಂತು. ಬರಹ ತಂತ್ರಾಂಶದಲ್ಲಿ ಟೈಪ್ ಮಾಡಿದವರಿಗೆಲ್ಲ ಇದು ಹಳೆಯ ಪರಿಚಯ.

ಗುರುತಿನ ದೊಡ್ಡ ಪ್ರಯೋಜನ ಏನೆಂದರೆ, ಯಾರು ಎಲ್ಲಿ ಎಡವುತ್ತಾರೆ ಎಂಬುದು ಅವರ ಕಣ್ಣಿಗೇ ಕಾಣುತ್ತದೆ. ಕೋಲ್ಕತ್ತದಿಂದ ಬಂದವರು `ardha`ವನ್ನು ನಮಗಿಂತ ಚೆನ್ನಾಗಿ ಹೇಳುತ್ತಾರೆ. ಅವರ ಮಾತಿನಲ್ಲಿ ಣ, ನ ಎರಡೂ ಒಂದೇ ಆಗಿರುವುದರಿಂದ, ಳ ಇಲ್ಲದಿರುವುದರಿಂದ, `baaLehaNNu` ಮಾತ್ರ ಕೈಕೊಡುತ್ತದೆ. ಕೊಯಮತ್ತೂರಿನವರದು ಇದರ ತಿರುಗುಮುರುಗು: ಳ, ಣ ತಾಯಿಯ ಮಾತಿನಲ್ಲೇ ಇವೆ, ಧ ಮಾತ್ರ ದ ಆಗುತ್ತದೆ. ಒಂದೇ ಸಾಲನ್ನು ಇಬ್ಬರಿಗೂ ಕೊಟ್ಟು, ನೀವು L, N ಕೆಳಗೆ ಗೆರೆ ಎಳೆದುಕೊಳ್ಳಿ, ನೀವು h ಕೆಳಗೆ ಎಳೆದುಕೊಳ್ಳಿ ಎನ್ನುತ್ತೇನೆ.

ಎರಡೂ ಗುರುತುಗಳಿಗೆ ಒಂದೇ ತೂಕ ಎಂದು ನಾನು ಹೇಳುತ್ತಿಲ್ಲ. "ಅರ್ದ ಕೆಜಿ" ಎಂದರೂ ಹಣ್ಣು ಸಿಗುತ್ತದೆ, ಗಾಡಿಯವನೂ ಹಾಗೆಯೇ ಹೇಳುತ್ತಾನೆ. ಮಹಾಪ್ರಾಣ ನಮ್ಮ ದಿನದ ಮಾತಿನಲ್ಲಿ ಇಲ್ಲ ಎಂಬ ಕಾರಣ ಕೊಟ್ಟು ಡಿ.ಎನ್. ಶಂಕರ ಭಟ್ಟರು ಬರಹದಿಂದಲೂ ಅದನ್ನು ಬಿಡಲು ಹೊರಟವರು. ಆದರೆ ಹಾಲು ಕೇಳಹೋದವರು ಹಾಳು ಎಂದರೆ, ಹುಳಿ ಎನ್ನುವಲ್ಲಿ ಹುಲಿ ಎಂದರೆ, ಅಂಗಡಿಯವನು ಒಂದು ಕ್ಷಣ ನಿಂತು ಯೋಚಿಸಲೇಬೇಕು. ದೊಡ್ಡಕ್ಷರ ಬಿಡಬೇಡಿ, h ಬಿಟ್ಟರೂ ಸದ್ಯಕ್ಕೆ ನಡೆಯುತ್ತದೆ. ಇದು ನನ್ನ ನಿಲುವು.

ವಿರೋಧ

ಮೇಡಂ ಅವರ ಸಾಲಿನಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ನನ್ನ ತಕರಾರು ಅದನ್ನು ಓದುವ ಕಣ್ಣಿನದು. ಇಂಗ್ಲಿಷ್ ಕಲಿತವರಿಗೆ t, T ಎರಡೂ ಒಂದೇ ಅಕ್ಷರ, ಒಂದೇ ಉಚ್ಚಾರ. ಅದು ಒಂದನೇ ತರಗತಿಯಿಂದ ಬೇರೂರಿದ ಅಭ್ಯಾಸ. ನೀವು ಹೊಸ ನಿಯಮ ಹೇಳಿದ ಗಳಿಗೆ ತಲೆಯಾಡಿಸುತ್ತಾರೆ, ಅಂಗಡಿ ಮುಂದೆ ನಿಂತಾಗ ಹಳೆಯ ಅಭ್ಯಾಸವೇ ಗೆಲ್ಲುತ್ತದೆ. ಇನ್ನು ಕೆಲವರಿಗೆ ದೊಡ್ಡಕ್ಷರ ಎಂದರೆ ಗಟ್ಟಿಯಾಗಿ ಹೇಳು ಎಂಬ ಅರ್ಥ. `haNNu` ಕೊಟ್ಟರೆ ನಾಲಿಗೆ ಹಲ್ಲಿನ ಹತ್ತಿರವೇ ಇರುತ್ತದೆ, ದನಿ ಮಾತ್ರ ಏರುತ್ತದೆ.

ಫೋನು ಇನ್ನೊಂದು ತೊಂದರೆ ತರುತ್ತದೆ. ವಾಕ್ಯದ ಮೊದಲ ಅಕ್ಷರವನ್ನು ಅದು ತಾನಾಗಿ ದೊಡ್ಡದು ಮಾಡುತ್ತದೆ. ಔಷಧಿ ಅಂಗಡಿಗೆ ಹೋಗುವವರು ನೀವು ಹೇಳಿಕೊಟ್ಟಂತೆ `tale noovu` ಎಂದು ಬರೆದುಕೊಂಡರು ಎನ್ನಿ, ಪರದೆಯಲ್ಲಿ `Tale noovu` ಕೂತಿರುತ್ತದೆ. ನಿಯಮವನ್ನು ನಿಷ್ಠೆಯಿಂದ ಪಾಲಿಸಿದವರೇ "ಟಲೆನೋವು" ಎನ್ನುತ್ತಾರೆ. `noovu` ಕೂಡ ಇಂಗ್ಲಿಷ್ ಕಣ್ಣಿಗೆ "ನೂವು". ಎರಡು ಪದದಲ್ಲಿ ಎರಡು ತಪ್ಪು.

h ಕಥೆ ಇನ್ನೂ ಕಷ್ಟದ್ದು. ನಮ್ಮೂರಿನ ಕವಿತ, ಸವಿತ, ಲತ ಎಲ್ಲರೂ ತಮ್ಮ ಹೆಸರಿನ ತ ಬರೆಯುವುದು th ಎಂದೇ. ಅಂದರೆ ಕನ್ನಡಿಗರ ಬಳಕೆಯಲ್ಲಿ h ಎಂದರೆ ಹಲ್ಲಿಗೆ ತಾಗಿಸು, ಮೇಡಂ ಬೋರ್ಡಿನಲ್ಲಿ h ಎಂದರೆ ಉಸಿರು ಬಿಡು. ತರಗತಿಯ ಹೊರಗೆ ಕಲಿಯುವವರ ಕಣ್ಣಿಗೆ ಬೀಳುವುದೆಲ್ಲ ಮೊದಲನೆಯ ಬಳಕೆಯೇ. ತಂತ್ರಾಂಶಗಳೂ ಒಮ್ಮತದಲ್ಲಿಲ್ಲ. ಬರಹದಲ್ಲಿ `T` ಒತ್ತಿದರೆ ಟ. ನುಡಿಯವರು ಬಳಸುವ ಕೆ.ಪಿ. ರಾವ್ ವಿನ್ಯಾಸದಲ್ಲಿ ಅದೇ `T` ಒತ್ತಿದರೆ ಥ, ಟ ಬೇಕಾದರೆ `q`. ದೊಡ್ಡಕ್ಷರ ಒಂದು ಕಡೆ ಮೂರ್ಧನ್ಯ, ಇನ್ನೊಂದು ಕಡೆ ಮಹಾಪ್ರಾಣ.

ಉಚ್ಚಾರದ ವಿಷಯಕ್ಕೆ ಬರೋಣ. ಇಂಗ್ಲಿಷ್ ಮಾತೃಭಾಷೆಯವರು ಪದದ ಮೊದಲ p, t, kಗಳನ್ನು ತಾವಾಗಿಯೇ ಉಸಿರು ಬೆರೆಸಿ ಹೇಳುತ್ತಾರೆ. ಬಾಯಿಯ ಮುಂದೆ ಅಂಗೈ ಹಿಡಿಸಿ "ಕಾಫಿ ಕೊಡಿ" ಹೇಳಿಸಿ ನೋಡಿ, ಎರಡು ಕಕಾರಕ್ಕೂ ಗಾಳಿ ಬಡಿಯುತ್ತದೆ. ನಮ್ಮ ಕಿವಿಗೆ ಅದು ಖದ ಹತ್ತಿರ. ಅವರಿಗೆ ಕಲಿಸಬೇಕಾದದ್ದು ಉಸಿರು ಬಿಡುವುದಲ್ಲ, ತಡೆಯುವುದು. ಅದಕ್ಕೆ ಯಾವ ಗುರುತೂ ಇಲ್ಲ. ನಾನು ಮಾಡುತ್ತಿದ್ದುದು ಇಷ್ಟೇ: ಸ್ಕೂಲ್ ಎನ್ನಿ, ಸ್ಟಾಪ್ ಎನ್ನಿ, ಅಲ್ಲಿ ಸಕಾರದ ಹಿಂದೆ ಬರುವ ಕ, ಟಗಳಿಗೆ ಗಾಳಿ ಬರುವುದಿಲ್ಲ, ಆ ಕಕಾರವನ್ನು ತಂದು "ಕೊಡಿ"ಗೆ ಹಾಕಿ ಎನ್ನುತ್ತಿದ್ದೆ. ಧ, ಭಗಳಲ್ಲಿ ಬೇರೆಯೇ ತಪ್ಪು ಹುಟ್ಟುತ್ತದೆ. `ardha` ಎಂದು ಕೊಟ್ಟರೆ d ಆಯಿತು, h ಆಯಿತು ಎಂದು ಲೆಕ್ಕ ಹಾಕಿ "ಅರ್ದಹ" ಎನ್ನುತ್ತಾರೆ. ಕಾಗದದ h ಬಾಯಲ್ಲಿ ಇಡೀ ಹಕಾರವಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಕಷ್ಟದ ಅಕ್ಷರಗಳನ್ನಷ್ಟೇ ಕನ್ನಡದಲ್ಲಿ ತೋರಿಸಿ. ಟ, ಡ, ಣ, ಳ ಇವಿಷ್ಟೇ ಮೊದಲು. ಇವುಗಳ ಆಕಾರಕ್ಕೆ ಇಂಗ್ಲಿಷಿನ ಹಳೆಯ ಅಭ್ಯಾಸ ಅಂಟಿಕೊಂಡಿಲ್ಲ, ಹೊಸ ಗುರುತಿಗೆ ಹೊಸ ನಾಲಿಗೆ ಎಂದು ಕೂಡಿಸಬಹುದು. ಧದ ಕೆಳಗಿನ ಸೀಳನ್ನು ಬೆರಳಿಟ್ಟು ತೋರಿಸಿದರೆ, ದ ಬೇರೆ, ಧ ಬೇರೆ, ಆದರೂ ಧ ಎನ್ನುವುದು ಒಂದೇ ಧ್ವನಿ, ಒಂದೇ ಅಕ್ಷರ ಎಂಬುದು ತಿಳಿಯುತ್ತದೆ. ಒತ್ತಕ್ಷರದಲ್ಲಿ ಇದು ತೊಡಕಾಗುತ್ತದೆ ಎಂಬುದನ್ನು ಒಪ್ಪುತ್ತೇನೆ. ಹಣ್ಣು ಎಂಬಲ್ಲಿ ಕೆಳಗಿನ ಣಕಾರ ಹೊಸಬರಿಗೆ ಕಾಣುವುದೇ ಇಲ್ಲ.

ಯಾವ ಗುರುತು ಕೊಟ್ಟರೂ ಪರೀಕ್ಷೆ ಕಿವಿಯಲ್ಲೇ ಆಗಬೇಕು. "ಅನ್ನ, ಅಣ್ಣ" ಎಂದು ಹೇಳಿಸಿ ನಕಾರವನ್ನು ಕೇಳಬೇಡಿ, ಅದರ ಹಿಂದಿನ ಅಕಾರವನ್ನು ಕೇಳಿ. ನಾಲಿಗೆ ನಿಜವಾಗಿ ಮಡಚುತ್ತಿದ್ದರೆ ಆ ಸ್ವರದ ಬಣ್ಣವೇ ಬದಲಾಗುತ್ತದೆ. ಎರಡೂ ಅಕಾರಗಳು ಒಂದೇ ಥರ ಕೇಳಿದರೆ, ದೊಡ್ಡ N ಕಾಗದದಲ್ಲೇ ಉಳಿದಿದೆ ಎಂದರ್ಥ.

ನಡುವೆ ಬಂದ ಎರಡು ಮಾತು

ಎರಡೂ ಬರಹಗಳನ್ನು ಓದಿದ ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು ಇದನ್ನು ಊರಿನ ಹೆಸರಿನ ಬೋರ್ಡಿನ ಪ್ರಶ್ನೆ ಎಂದುಕೊಂಡರು: "2014ರಲ್ಲಿ ಊರಿನ ಹೆಸರು ಸರಿಮಾಡಿದ್ರಲ್ಲ, ಹಂಗೇ ಎಲ್ಲಾ ಸರಿಮಾಡ್ಲಿ. Hubballi ಅಂತ ಎರಡು l ಹಾಕ್ಯಾರ, ಹೊರಗಿನವ್ರು ಹುಬ್ಬಲ್ಲಿ ಅಂತಾರ." ಅವರು ಹೇಳುವುದರಲ್ಲಿ ಹುರುಳಿದೆ. Belagavi ಎಂಬಲ್ಲಿ l ಎಂದರೆ ಳ, Kalaburagi ಎಂಬಲ್ಲಿ ಅದೇ l ಎಂದರೆ ಲ. ಆದರೆ ಬೋರ್ಡು ಊರು ಗುರುತಿಸಲಿಕ್ಕೆ, ಉಚ್ಚಾರ ಕಲಿಸಲಿಕ್ಕಲ್ಲ. ಅಲ್ಲಿ ದೊಡ್ಡಕ್ಷರ ತುರುಕಿದರೆ ಯಾರಿಗೂ ಉಪಯೋಗವಿಲ್ಲ.

ಅಮೆರಿಕದಲ್ಲಿ ಮಕ್ಕಳಿಗೆ ಕನ್ನಡ ಹಾಡು ಹೇಳಿಕೊಡುವ ತಾಯಿಯೊಬ್ಬರು ತಮ್ಮ ಪಾಡು ಹೇಳಿಕೊಂಡರು: "ನಾನು `thaayi` ಅಂತ ಬರ್ಕೊಟ್ಟೆ. ಮಗಳು ಇಂಗ್ಲಿಷಿನ ಥಿಂಕ್ ಅನ್ನೋ ಹಾಗೆ ನಾಲಿಗೆ ಹಲ್ಲಿನಾಚೆ ಚಾಚ್ತಾಳೆ. h ತೆಗೆದು `taayi` ಮಾಡಿದ್ರೆ ಟಾಯಿ ಅಂತಾಳೆ. ಎರಡೂ ಬೇಡ ಅಂತ ಈಗ ಬರೀ ಹಾಡಿ ತೋರಿಸ್ತೀನಿ, ಅವಳು ಕೇಳಿ ಹೇಳ್ತಾಳೆ." ಮೂರ್ಧನ್ಯವೇ ಕಷ್ಟ ಎಂಬ ಮಾತು ಆ ಹುಡುಗಿಯ ಮಟ್ಟಿಗೆ ನಿಜವಲ್ಲ. ಇಂಗ್ಲಿಷಿನ tಗೆ ನಾಲಿಗೆ ತಾಗುವುದು ಹಲ್ಲಿನ ಹಿಂದಿನ ವಸಡಿಗೆ, ನಮ್ಮ ಕಿವಿಗೆ ಅದು ಟ. ಅವಳಿಗೆ ಹೊಸದು ದಂತ್ಯವಾದ ತ.

ಪರದವರ ಮರುಮಾತು

ಫೋನು ಮೊದಲಕ್ಷರ ದೊಡ್ಡದು ಮಾಡುವ ತೊಂದರೆ ನಿಜ. ಆದರೆ ಮೇಷ್ಟ್ರು ಹೇಳಿದಷ್ಟು ದೂರ ಅದು ಹೋಗುವುದಿಲ್ಲ. ಕನ್ನಡದ ಪದ ಣಕಾರದಿಂದಾಗಲಿ ಳಕಾರದಿಂದಾಗಲಿ ಶುರುವಾಗುವುದಿಲ್ಲ. ಆದ್ದರಿಂದ ಮೊದಲಲ್ಲಿ ಕಂಡ N, L ಯಾವತ್ತೂ ನ, ಲ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಉಳಿದದ್ದು T, D. ಡೊಳ್ಳು, ಡೊಂಕು, ಟೊಪ್ಪಿ ಅಂಥ ಕೆಲವನ್ನು ಬಿಟ್ಟರೆ ಹೊಸಬರಿಗೆ ಸಿಗುವ ಟ, ಡ ಮೊದಲಿನ ಪದಗಳು ಹೆಚ್ಚಾಗಿ ಟಿಕೆಟ್, ಡಾಕ್ಟರ್, ಡಜನ್ ಥರದವು. ಅವನ್ನು ನಾನು ಇಂಗ್ಲಿಷ್ ಕಾಗುಣಿತದಲ್ಲೇ `ticket`, `doctor` ಎಂದು ಬಿಡುತ್ತೇನೆ, ಹೇಗೂ ಸರಿಯಾಗಿಯೇ ಹೇಳುತ್ತಾರೆ. ವಾಕ್ಯದ ಮೊದಲಲ್ಲಿ ಅನುಮಾನ ಬಂದರೆ ಹಲ್ಲಿಗೆ ತಾಗಿಸಿ ಎನ್ನುತ್ತೇನೆ.

ಅಕಾರದ ಬಣ್ಣ ಕೇಳುವ ಪರೀಕ್ಷೆಯನ್ನು ನನ್ನ ತರಗತಿಗೆ ತೆಗೆದುಕೊಳ್ಳುತ್ತೇನೆ. "ಅರ್ದಹ"ಕ್ಕೆ ಮಾತ್ರ ನಮ್ಮಿಬ್ಬರ ದಾರಿ ಬೇರೆ. ಇಂಗ್ಲಿಷ್ ಮಾತೃಭಾಷೆಯವರಿಗೆ ಮೊದಲ ಕೆಲವು ವಾರ h ಕೊಡದೆ `arda` ಎಂದೇ ಬರೆದುಕೊಡುತ್ತೇನೆ, ಗಾಡಿಯವನ ಮಾತಿಗೆ ಅದೇ ಹತ್ತಿರ. ಹಿಂದಿಯವರಿಗೆ, ಬಂಗಾಳಿಯವರಿಗೆ ಧ ಮೊದಲೇ ಇದೆ, ಅವರ ಹಾಳೆಯಲ್ಲಿ h ಹಾಗೇ ಇರುತ್ತದೆ. ಒಂದೇ ತರಗತಿಯಲ್ಲಿ ಎರಡು ಬಗೆಯ ಹಾಳೆ ಹಂಚುವುದು ಸರಿಯಲ್ಲ ಎನ್ನುತ್ತಾರೆ ಮೇಷ್ಟ್ರು. ನಾಳೆ ಲಿಪಿ ಕಲಿಯುವಾಗ `arda` ಬರೆದುಕೊಂಡವರು ಧ ಎಲ್ಲಿಂದ ಬಂತು ಎಂದು ಕೇಳುತ್ತಾರೆ ಎಂಬುದು ಅವರ ಆಕ್ಷೇಪ. ಕೇಳುತ್ತಾರೆ, ನಿಜ. ಆಗ ಹೇಳಿಕೊಡುತ್ತೇನೆ.