ಕೆಂಪು ಸುತ್ತು ಹಾಕಿದರೆ ಪ್ರಬಂಧ ತಿದ್ದಿದಂತೆಯೇ?

ಚಿಕ್ಕಪ್ಪನ ಮಗಳು ಹರಿಹರದಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಒಂದು ರಾತ್ರಿ ‘ನಮ್ಮೂರಿನ ನಾಲೆ’ ಎಂಬ ಪ್ರಬಂಧ ಬರೆದು, ಎರಡು ಪುಟಗಳ ಫೋಟೊ ತೆಗೆದು ನನಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದಳು. ‘ಅಣ್ಣ, ತಪ್ಪೆಲ್ಲ ಗುರುತು ಮಾಡಿ ಕಳ್ಸು’ ಎಂದು ಕೆಳಗೊಂದು ಸಾಲು. ನಾನು ದಾವಣಗೆರೆಯಲ್ಲಿ ಬಿಇ ಓದುತ್ತಿರುವವನು. ಕನ್ನಡದ ಮೇಷ್ಟ್ರೇನೂ ಅಲ್ಲ. ಆದರೂ ಮೊಬೈಲಿನಲ್ಲೇ ಫೋಟೊ ತೆರೆದು, ಕೆಂಪು ಬಣ್ಣ ಆರಿಸಿಕೊಂಡು, ಬೆರಳಲ್ಲಿ ಸುತ್ತು ಹಾಕುತ್ತಾ ಹೋದೆ. ಮುಗಿದಾಗ ಎರಡು ಪುಟದಲ್ಲಿ ಮೂವತ್ತೊಂದು ಸುತ್ತು. ನನಗೇ ಹೆಮ್ಮೆ ಎನಿಸಿತ್ತು.

ಭಾನುವಾರ ಕೊಕ್ಕನೂರಿಗೆ ಹೋದಾಗ ಆ ಹೆಮ್ಮೆ ಇಳಿಯಿತು. ಮೂವತ್ತೊಂದರಲ್ಲಿ ಆರು ಸುತ್ತು ‘ಬದ್ರಾ’ ಎಂಬ ಪದಕ್ಕೆ ಹಾಕಿದ್ದೆ, ಮಹಾಪ್ರಾಣ ಬಿಟ್ಟಿದ್ದಾಳೆ ಎಂದು. ಅವಳು ನೋಟ್‌ಬುಕ್ ತಂದು ಮುಂದಿಟ್ಟಳು. ‘ನಾ ಭ ಅಂತಾನೇ ಬರ್ದೀನಿ ಅಣ್ಣ, ನೋಡಿಲ್ಲಿ.’ ಹೌದು, ಆರು ಕಡೆಯೂ ಅಕ್ಷರದ ಕೆಳಗಿನ ಪುಟ್ಟ ಗೆರೆ ಇತ್ತು. ರಾತ್ರಿ ಬಲ್ಬಿನ ಕೆಳಗೆ, ಕೈಯ ನೆರಳು ಬಿದ್ದಿದ್ದ ಪುಟದ ಫೋಟೊ ಅದು. ಮೇಲಾಗಿ ವಾಟ್ಸ್‌ಆ್ಯಪ್ ಫೋಟೊವನ್ನು ಕುಗ್ಗಿಸಿ ಕಳಿಸುತ್ತದೆ. ಬ ಮತ್ತು ಭ, ದ ಮತ್ತು ಧ ನಡುವೆ ಕೈಬರಹದಲ್ಲಿ ಇರುವ ವ್ಯತ್ಯಾಸವೇ ಆ ಒಂದು ಗೆರೆ. ಫೋಟೊದಲ್ಲಿ ಮೊದಲು ಮಾಯವಾಗುವುದೂ ಅದೇ. ಆದ್ದರಿಂದ ಮಹಾಪ್ರಾಣ, ದೀರ್ಘ, ಒತ್ತಕ್ಷರದ ವಿಚಾರದಲ್ಲಿ ಫೋಟೊ ನೋಡಿ ತೀರ್ಪು ಕೊಡಬಾರದು, ‘ಇಲ್ಲಿ ಏನು ಬರೆದಿದ್ದೀಯ?’ ಎಂದು ಕೇಳಬೇಕು. ಹಗಲು ಬೆಳಕಿನಲ್ಲಿ, ಮೊಬೈಲನ್ನು ಪುಟಕ್ಕೆ ನೇರವಾಗಿ ಹಿಡಿದು ತೆಗೆದು, ವಾಟ್ಸ್‌ಆ್ಯಪ್‌ನಲ್ಲೇ ಡಾಕ್ಯುಮೆಂಟ್ ಆಗಿ ಕಳಿಸಿದರೆ ಚಿತ್ರ ಕುಗ್ಗುವುದಿಲ್ಲ.

ಇದು ಸಣ್ಣ ತಪ್ಪು. ದೊಡ್ಡದು ಮೂರನೇ ಪ್ಯಾರಾದಲ್ಲಿ ಆಗಿತ್ತು. ಅಲ್ಲಿ ಅವಳು, ‘ಅಪ್ಪ ರಾತ್ರಿ ಎರಡು ಗಂಟೆಗೆ ಗದ್ದೆಗೆ ಹೋಗಿ ತೂಬು ಮುಚ್ಚಿತ್ತು’ ಎಂದು ಬರೆದಿದ್ದಳು. ನಾನು ‘ಮುಚ್ಚಿತ್ತು’ ಪದಕ್ಕೆ ಸುತ್ತು ಹಾಕಿ ಬಿಟ್ಟಿದ್ದೆ, ಏಕೆಂದು ಬರೆದಿರಲಿಲ್ಲ. ಅಪ್ಪ ಎಂದ ಮೇಲೆ ಕ್ರಿಯಾಪದಕ್ಕೆ ಗೌರವ ಬೇಕು ಎಂದುಕೊಂಡು ಅವಳು ಹೊಸ ಪ್ರತಿಯಲ್ಲಿ ‘ಗದ್ದೆಗೆ ಹೋಗಿ ತೂಬು ಮುಚ್ಚಿದರು’ ಎಂದು ತಿದ್ದಿದ್ದಳು. ವ್ಯಾಕರಣ ಸರಿಹೋಯಿತು, ಕಥೆ ತಲೆಕೆಳಗಾಯಿತು. ನಡೆದದ್ದು ಏನೆಂದರೆ, ತಮ್ಮ ಸರದಿಯ ನೀರಿಗೆಂದು ಚಿಕ್ಕಪ್ಪ ರಾತ್ರಿ ಎದ್ದು ಹೋದಾಗ ಯಾರೋ ಆಗಲೇ ತೂಬು ಮುಚ್ಚಿದ್ದರು. ಪ್ರಬಂಧದಲ್ಲಿ ಈಗ ಚಿಕ್ಕಪ್ಪನೇ ನೀರು ನಿಲ್ಲಿಸಿದವರಾಗಿದ್ದರು! ನಾಲೆ ನೀರಿಗಾಗಿ ಜಗಳ ಆಗುವ ಕಡೆ ಇದು ಸಣ್ಣ ಮಾತಲ್ಲ.

ಅಲ್ಲಿ ನಿಜವಾಗಿ ಕೆಟ್ಟಿದ್ದು ‘ಮುಚ್ಚಿತ್ತು’ ಅಲ್ಲ, ‘ಹೋಗಿ’. ಹೋಗಿ, ಬಂದು, ನೋಡಿ ಎಂಬ ರೂಪಗಳು ಬಂದಾಗ, ಆ ಕೆಲಸ ಮಾಡಿದವರೇ ಕೊನೆಯ ಕ್ರಿಯಾಪದದ ಕೆಲಸವನ್ನೂ ಮಾಡಿದರು ಎಂದು ಓದುಗ ತಿಳಿಯುತ್ತಾನೆ. ಕರ್ತೃ ಬದಲಾಗುವುದಾದರೆ ‘ಹೋದಾಗ ತೂಬು ಮುಚ್ಚಿತ್ತು’ ಎನ್ನಬೇಕು. ಇದನ್ನು ಹೇಳಿದಾಗ ಅವಳು ಸುಮ್ಮನೆ ಒಪ್ಪಲಿಲ್ಲ. ‘ಹಂಗಾದ್ರೆ ಮಳೆ ಬಂದು ಕೆರೆ ತುಂಬಿತು ಅನ್ನೋದು ತಪ್ಪಾ? ಬಂದಿದ್ದು ಮಳೆ, ತುಂಬಿದ್ದು ಕೆರೆ’ ಎಂದಳು. ಒಳ್ಳೆಯ ಪ್ರಶ್ನೆ. ಸ್ವಲ್ಪ ಹೊತ್ತು ಯೋಚಿಸಿದ ಮೇಲೆ ಉತ್ತರ ಹೊಳೆಯಿತು: ಮಳೆ ಬಂದದ್ದರಿಂದಲೇ ಕೆರೆ ತುಂಬಿತು, ಒಂದು ಇನ್ನೊಂದಕ್ಕೆ ಕಾರಣ, ಹಾಗಾಗಿ ಆ ವಾಕ್ಯ ನಿಲ್ಲುತ್ತದೆ. ಅಪ್ಪ ಹೋದದ್ದರಿಂದ ತೂಬು ಮುಚ್ಚಲಿಲ್ಲ. ಇಷ್ಟನ್ನು ಯಾವ ಕೆಂಪು ಸುತ್ತೂ ಹೇಳಲಾರದು. ಪ್ಯಾರಾ ಪಕ್ಕದಲ್ಲಿ ಎರಡು ವಾಕ್ಯ ಬರೆದರೆ ಹೇಳಬಹುದು.

ಅಂದಿನಿಂದ ತಿದ್ದುವ ಕ್ರಮ ಬದಲಿಸಿಕೊಂಡೆ. ಫೋಟೊ ತೆಗೆಯುವ ಮೊದಲೇ ಅವಳು ಅಂಚಿನಲ್ಲಿ ಪ್ಯಾರಾಗಳಿಗೆ ಒಂದು, ಎರಡು ಎಂದು ಸಂಖ್ಯೆ ಹಾಕುತ್ತಾಳೆ. ನಾನು ಮೊದಲ ಓದಿನಲ್ಲಿ ಕಾಗುಣಿತ ಮುಟ್ಟುವುದಿಲ್ಲ. ಪ್ರತಿ ಪ್ಯಾರಾ ಏನು ಹೇಳುತ್ತಿದೆ ಎಂದು ಒಂದೊಂದು ಸಾಲು ಬರೆದುಕೊಳ್ಳುತ್ತೇನೆ. ಆ ಪ್ರಬಂಧದ ಮೊದಲ ಪ್ಯಾರಾಕ್ಕೆ ಬರೆದುಕೊಂಡದ್ದು: ‘ಭಾರತ ಕೃಷಿಪ್ರಧಾನ ದೇಶ, ನೀರು ಜೀವಜಲ.’ ಪೀಠಿಕೆ ಎಂದರೆ ಹೀಗೇ ಇರಬೇಕೆಂದು ನಮಗೆಲ್ಲ ರೂಢಿಯಾಗಿಬಿಟ್ಟಿದೆ. ಈ ಪ್ಯಾರಾವನ್ನು ಕೆರೆ, ಬಾವಿ, ಮಳೆ ಯಾವ ಪ್ರಬಂಧಕ್ಕಾದರೂ ಅಂಟಿಸಬಹುದು. ‘ಇದನ್ನು ತೆಗೆದು, ಮೂರನೇ ಪ್ಯಾರಾದ ರಾತ್ರಿ ಎರಡು ಗಂಟೆಯಿಂದ ಶುರುಮಾಡಿದರೆ ಹೇಗೆ?’ ಎಂದು ಪಕ್ಕದಲ್ಲಿ ಬರೆದೆ. ಆ ಪ್ಯಾರಾದಲ್ಲಿ ಕಾಗುಣಿತದ ತಪ್ಪು ನಾಲ್ಕಿತ್ತು. ಇಡೀ ಪ್ಯಾರಾನೇ ಹೋಗುವಾಗ ಅವನ್ನು ತಿದ್ದಿ ಏನು ಪ್ರಯೋಜನ? ರಚನೆ ಮೊದಲು, ವ್ಯಾಕರಣ ಆಮೇಲೆ ಎನ್ನಲು ಇದೇ ಕಾರಣ.

ಎರಡನೇ ಪ್ಯಾರಾದಲ್ಲಿ ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯಿಂದ ನಮ್ಮ ಕಡೆಗೆ ನೀರು ಬರುವ ವಿಷಯ ಇತ್ತು, ಮಾಹಿತಿ ಸರಿಯಾಗಿತ್ತು. ಒಂದು ವಾಕ್ಯ ಮಾತ್ರ ಹೀಗಿತ್ತು: ‘ನಾಲೆಯ ಕೊನೆಯಲ್ಲಿರುವ ರೈತರು ಬೇಸಿಗೆ ಬೆಳೆಗೆ ನೀರು ಸಾಲದೆ ಸಾಲ ಹೆಚ್ಚುತ್ತದೆ.’ ನಡುವಿನದನ್ನೆಲ್ಲ ಬೆರಳಿನಿಂದ ಮುಚ್ಚಿ, ಕರ್ತೃವನ್ನೂ ಕೊನೆಯ ಪದವನ್ನೂ ಮಾತ್ರ ಓದು ಎಂದೆ. ‘ರೈತರು ಹೆಚ್ಚುತ್ತದೆ’ ಎಂದು ಓದಿ ನಕ್ಕಳು. ‘ರೈತರ ಸಾಲ’ ಎಂದು ಅವಳೇ ತಿದ್ದಿಕೊಂಡಳು. ಉದ್ದ ವಾಕ್ಯ ಬರೆಯುವಾಗ ಆರಂಭದ ಕರ್ತೃ ಮರೆತುಹೋಗುವುದು ನನಗೂ ಇರುವ ರೋಗ. ಬೆರಳಿನ ಈ ಪರೀಕ್ಷೆಗೆ ಯಾರ ಸಹಾಯವೂ ಬೇಕಿಲ್ಲ.

ಅದೇ ಪ್ಯಾರಾದಲ್ಲಿ ‘ಗದ್ದಿಗೆ ನೀರು ಹರಿಯಿತು’ ಎಂದೂ ಇತ್ತು. ನಮ್ಮ ಕಡೆ ಮನೆ ‘ಮನಿ’ ಆಗುತ್ತದೆ, ಗದ್ದೆ ‘ಗದ್ದಿ’ ಆಗುತ್ತದೆ. ಆದರೆ ಬರಹದಲ್ಲಿ ಗದ್ದಿಗೆ ಎಂದರೆ ಮಠದ ಗದ್ದುಗೆಯೂ ಹೌದು. ಪರೀಕ್ಷೆಯ ಉತ್ತರಪತ್ರಿಕೆ ನೋಡುವವರು ಯಾವ ಊರಿನವರೋ! ಹಾಗೆಂದು ಆಡುಮಾತನ್ನೆಲ್ಲ ಅಳಿಸಲು ನಾನು ಹೇಳಲಾರೆ. ಬರೆಯುವವಳ ಮಾತಿನಲ್ಲಿ ಗದ್ದೆ ಇರಲಿ, ಅಪ್ಪ ಆಡಿದ ಮಾತಿನಲ್ಲಿ ಗದ್ದಿಯೇ ಇರಲಿ ಎಂದೆ. ನಾಲ್ಕನೇ ಪ್ಯಾರಾ ಉಪಸಂಹಾರ. ಅದರಲ್ಲಿ ದಿಢೀರನೆ ಪ್ಲಾಸ್ಟಿಕ್ ಮಾಲಿನ್ಯ ಬಂದಿತ್ತು. ‘ಇದು ಹಿಂದೆ ಎಲ್ಲೂ ಇಲ್ಲವಲ್ಲ?’ ಎಂದಷ್ಟೇ ಕೇಳಿದೆ.

ಪಿಎಸ್‌ಐ ಲಿಖಿತ ಪರೀಕ್ಷೆಯಲ್ಲೂ ಕೆಎಎಸ್ ಮುಖ್ಯ ಪರೀಕ್ಷೆಯಲ್ಲೂ ಪ್ರಬಂಧ ಬರೆಯಬೇಕು. ಅದಕ್ಕೆ ತಯಾರಾಗುತ್ತಿರುವ ನನ್ನ ಗೆಳೆಯರು ಹೀಗೇ ಫೋಟೊ ಕಳಿಸಿಕೊಳ್ಳುತ್ತಾರೆ. ವಾಪಸ್ ಬರುವುದು ಒಂದು ಹೆಬ್ಬೆರಳಿನ ಗುರುತು, ಇಲ್ಲವೇ ‘ಚೆನ್ನಾಗಿದೆ, ಇನ್ನೂ ಇಂಪ್ರೂವ್ ಮಾಡು’. ಏನನ್ನು, ಯಾವ ಪ್ಯಾರಾದಲ್ಲಿ ಎಂದು ಹೇಳುವವರಿಲ್ಲ. ಪೂರ್ತಿ ತಿದ್ದಿ ಬರೆದುಕೊಟ್ಟು ಉಪಕಾರ ಮಾಡುವವರೂ ಇದ್ದಾರೆ. ಆಗ ಅದು ತಿದ್ದಿದವರ ಪ್ರಬಂಧ, ಪರೀಕ್ಷೆಗೆ ಕೂರುವವರು ಬೇರೆ.

ಹೋದ ವಾರ ಮೂರನೇ ಪ್ರತಿ ಬಂತು. ಬೆಳಿಗ್ಗೆ ಕಿಟಕಿ ಪಕ್ಕ ತೆಗೆದ ಫೋಟೊ, ಭದ್ರಾದ ಗೆರೆ ಸ್ಪಷ್ಟ. ನಾಲ್ಕಿದ್ದ ಪ್ಯಾರಾ ಮೂರಾಗಿವೆ. ಪ್ಲಾಸ್ಟಿಕ್ ಹೋಗಿದೆ. ತೂಬಿನ ವಾಕ್ಯ ಈಗ ಮೊದಲ ಸಾಲು, ಚಿಕ್ಕಪ್ಪ ನಿರಪರಾಧಿ. ಎರಡನೇ ಪ್ಯಾರಾದಲ್ಲಿ ಇನ್ನೊಂದು ಉದ್ದ ವಾಕ್ಯದ ಕರ್ತೃ ಮತ್ತೆ ದಾರಿ ತಪ್ಪಿತ್ತು. ಸುತ್ತು ಹಾಕಲಿಲ್ಲ. ‘ಪ್ಯಾರಾ 2, ಸಾಲು 5, ಬೆರಳಿಟ್ಟು ಓದು’ ಎಂದು ಬರೆದು ಕಳಿಸಿದ್ದೇನೆ.